ಸೇವೆ ಬದಲಿಸಿದರೂ ಹಾಡುಗಳ ಸಾಲು ತಪ್ಪದಿರಲು

ಸ್ಟ್ರೀಮಿಂಗ್ ಸೇವೆ ಬದಲಿಸಿದ ದಿನ ನನ್ನ ಲೈಕ್ ಪಟ್ಟಿಯ ತುದಿಯಲ್ಲಿ ಕುಳಿತಿದ್ದದ್ದು ಏಳು ವರ್ಷದ ಹಿಂದೆ ಮೆಚ್ಚಿ, ಆಮೇಲೆ ಮರೆತೇಬಿಟ್ಟಿದ್ದ ಒಂದು ಹಾಡು. ಹಿಂದಿನ ವಾರವಷ್ಟೇ ಮೆಚ್ಚಿದ್ದ ಹಾಡು ಆರುನೂರು ಹಾಡುಗಳ ಕೆಳಗೆ, ತಳದಲ್ಲಿ ಬಿದ್ದಿತ್ತು. ಸಾಗಿಸಿಕೊಟ್ಟ ಆ್ಯಪ್ ಮಾತ್ರ ಹಸಿರು ಗುರುತು ತೋರಿಸಿ ಕೆಲಸ ಮುಗಿಯಿತು ಎನ್ನುತ್ತಿತ್ತು. ಅದು ಸುಳ್ಳು ಹೇಳಿರಲಿಲ್ಲ. ಹಾಡುಗಳು ಹೆಚ್ಚುಕಡಿಮೆ ಎಲ್ಲವೂ ಬಂದಿದ್ದವು, ಸಾಲು ತಲೆಕೆಳಗಾಗಿತ್ತು ಅಷ್ಟೆ.

ಹೀಗಾಗಲು ಕಾರಣವಿದೆ. ನಾವು ಪಟ್ಟಿ ಎಂದು ಒಂದೇ ಹೆಸರಿನಿಂದ ಕರೆಯುವ ಎರಡು ವಸ್ತುಗಳು ಒಳಗಿನಿಂದ ಬೇರೆ ಬೇರೆ. ಪ್ಲೇಲಿಸ್ಟಿನಲ್ಲಿ ಪ್ರತಿ ಹಾಡಿಗೂ ಒಂದು ಸ್ಥಾನವಿರುತ್ತದೆ: ಮೊದಲನೆಯದು, ಎರಡನೆಯದು, ಮೂರನೆಯದು ಎಂದು. ಲೈಕ್ ಪಟ್ಟಿಯಲ್ಲಿ ಸ್ಥಾನ ಎಂಬುದೇ ಇಲ್ಲ. ಯಾವ ಹಾಡನ್ನು ಯಾವ ಹೊತ್ತಿನಲ್ಲಿ ಮೆಚ್ಚಿದಿರಿ ಎಂಬುದನ್ನಷ್ಟೇ ಸೇವೆ ಬರೆದಿಟ್ಟುಕೊಂಡು, ತೋರಿಸುವಾಗ ಇತ್ತೀಚಿನದನ್ನು ಮೇಲೆ ಇಟ್ಟು ತೋರಿಸುತ್ತದೆ. ಹೊಸ ಸೇವೆಗೆ ಹೋದಾಗ ಆ ಹಳೆಯ ಹೊತ್ತು ಜೊತೆಗೆ ಬರುವುದಿಲ್ಲ, ಎಲ್ಲ ಹಾಡಿಗೂ ಇವತ್ತಿನದೇ ತಾರೀಖು ಬೀಳುತ್ತದೆ. ಆದ್ದರಿಂದ ಅಲ್ಲಿ ಯಾವುದನ್ನು ಮೊದಲು ಒತ್ತಿದಿರೋ ಅದು ತಳಕ್ಕೆ ಹೋಗುತ್ತದೆ, ಕೊನೆಗೆ ಒತ್ತಿದ್ದು ಮೇಲೆ ಬರುತ್ತದೆ. ನಾನು ಬಳಸಿದ ಆ್ಯಪ್ ಮೇಲಿನಿಂದ ಕೆಳಕ್ಕೆ ಓದಿಕೊಂಡು, ಅದೇ ಕ್ರಮದಲ್ಲಿ ಒತ್ತುತ್ತ ಹೋಗಿತ್ತು.

ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಉಳಿದದ್ದು ಸುಲಭ. ಮುಂದೆ ಹೇಳುವುದನ್ನು ಸ್ಪಾಟಿಫೈನಿಂದ ಯೂಟ್ಯೂಬ್ ಮ್ಯೂಸಿಕ್‌ಗೆ ಸಾಗಿಸುವ ಉದಾಹರಣೆ ಹಿಡಿದು ಹೇಳುತ್ತೇನೆ. ಎರಡನೆಯ ಸಲ ನಾನು ಸಾಗಿಸಿದ್ದು ಎರಡು ಪಟ್ಟಿಗಳನ್ನು: ಮೆಲ್ಲಗೆ ಶುರುವಾಗಿ ವೇಗ ಹಿಡಿದು ಮತ್ತೆ ಇಳಿಯುವಂತೆ ಜೋಡಿಸಿದ್ದ 48 ಹಾಡುಗಳ ಪ್ಲೇಲಿಸ್ಟ್, ಮತ್ತು 612 ಹಾಡುಗಳ ಲೈಕ್ ಪಟ್ಟಿ.

ಮೊದಲು ಹಳೆಯ ಮನೆಯಲ್ಲಿ ಮಾಡಬೇಕಾದ ಕೆಲಸ

ಸಾಗಿಸುವ ಆ್ಯಪ್ ತೆರೆಯುವ ಮುನ್ನ ಒಂದು ಪ್ರಶ್ನೆ: ನಿಮ್ಮ ಕಣ್ಣಿಗೆ ಕಾಣುತ್ತಿರುವ ಕ್ರಮ ನಿಜವಾದ ಕ್ರಮವೇ? ಸ್ಪಾಟಿಫೈನಲ್ಲಿ ಪ್ಲೇಲಿಸ್ಟನ್ನು ಹೆಸರಿನ ಪ್ರಕಾರ, ಕಲಾವಿದರ ಪ್ರಕಾರ, ಸೇರಿಸಿದ ದಿನದ ಪ್ರಕಾರ ವಿಂಗಡಿಸಿ ನೋಡಬಹುದು. ಅದು ಬರೀ ನೋಟ. ಅಡಿಯಲ್ಲಿ ಇರುವ ಕ್ರಮ `Custom order` ಎಂಬ ಆಯ್ಕೆಯಲ್ಲಿ ಕಾಣುವುದು, ಸಾಗಿಸುವ ಆ್ಯಪ್‌ಗಳಿಗೆ ಸಿಗುವುದೂ ಅದೇ. ವರ್ಷಗಟ್ಟಲೆ ದಿನಾಂಕದ ಪ್ರಕಾರ ನೋಡಿ ರೂಢಿಯಾದವರಿಗೆ ಹೊಸ ಸೇವೆಯಲ್ಲಿ ಪಟ್ಟಿ ಕಲಸಿಹೋದಂತೆ ಕಾಣುವುದು ಹೀಗೆ. ಕಲಸಿಹೋಗಿರುವುದಿಲ್ಲ, ಅವರು ನಿಜವಾದ ಕ್ರಮವನ್ನು ಎಂದೂ ನೋಡಿಯೇ ಇರುವುದಿಲ್ಲ.

ನಿಮಗೆ ಬೇಕಾದದ್ದು ವಿಂಗಡಿಸಿದ ಕ್ರಮವೇ ಆಗಿದ್ದರೆ ಅದನ್ನು ಗಟ್ಟಿಮಾಡಿಕೊಳ್ಳಬೇಕು. ಕಂಪ್ಯೂಟರಿನ ಆ್ಯಪ್‌ನಲ್ಲಿ ಬೇಕಾದಂತೆ ವಿಂಗಡಿಸಿ, ಒಂದು ಹಾಡಿನ ಮೇಲೆ ಕ್ಲಿಕ್ ಮಾಡಿ, `Ctrl+A` ಒತ್ತಿ ಎಲ್ಲವನ್ನೂ ಆಯ್ದುಕೊಂಡು, ಹೊಸ ಪ್ಲೇಲಿಸ್ಟಿಗೆ ಸೇರಿಸಿ. ಕಾಣುತ್ತಿದ್ದ ಕ್ರಮವೇ ಅಲ್ಲಿ ನಿಜವಾದ ಸ್ಥಾನವಾಗಿ ಕೂರುತ್ತದೆ.

ಇದೇ ಉಪಾಯವನ್ನು ಲೈಕ್ ಪಟ್ಟಿಗೂ ಬಳಸಿ. `Liked Songs` ತೆರೆದು ಎಲ್ಲ ಹಾಡುಗಳನ್ನೂ ಒಂದು ಹೊಸ ಪ್ಲೇಲಿಸ್ಟಿಗೆ ಸುರಿಯಿರಿ. ನಾನು ಅದಕ್ಕೆ 'ಹಳೆಯ ಲೈಕ್‌ಗಳು' ಎಂದು ಹೆಸರಿಟ್ಟೆ. ಈಗ ಹೊತ್ತನ್ನು ನಂಬಿ ನಿಂತಿದ್ದ ಪಟ್ಟಿ ಸ್ಥಾನವನ್ನು ನಂಬಿದ ಪಟ್ಟಿಯಾಯಿತು. ಇನ್ನು ಮೇಲೆ ಸಾಗಿಸುವುದು ಈ ಪ್ಲೇಲಿಸ್ಟನ್ನು, ಮೂಲ ಲೈಕ್ ಪಟ್ಟಿಯನ್ನಲ್ಲ. ಈ ಲೇಖನದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನೇ ಇಟ್ಟುಕೊಳ್ಳಿ.

ಹಾಡುಗಳನ್ನು ಎಣಿಸಿಕೊಳ್ಳುವುದೂ ಈಗಲೇ. ಹಕ್ಕು ಮುಗಿದು ನುಡಿಸಲಾಗದಂತಾದ ಹಾಡುಗಳನ್ನು ಆ್ಯಪ್ ಕೆಲವೊಮ್ಮೆ ಮರೆಮಾಡಿರುತ್ತದೆ. ಅವನ್ನೂ ತೋರಿಸು ಎನ್ನುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ಅದನ್ನು ಆನ್ ಮಾಡಿ. ಇಲ್ಲವಾದರೆ ಎಣಿಕೆ ಮುಂದೆ ಎಲ್ಲೋ ತಾಳೆಯಾಗದೆ ತಲೆ ಕೆಡಿಸುತ್ತದೆ. ನಿಮ್ಮದೇ ಕಂಪ್ಯೂಟರಿನಿಂದ ಸೇರಿಸಿದ ಫೈಲುಗಳಿದ್ದರೆ ಅವನ್ನು ಯಾವ ಆ್ಯಪ್ಪೂ ಸಾಗಿಸುವುದಿಲ್ಲ. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಸ್ವಂತ ಫೈಲುಗಳನ್ನು ಅಪ್‌ಲೋಡ್ ಮಾಡಿ ಪ್ಲೇಲಿಸ್ಟಿಗೆ ಸೇರಿಸಲು ಅವಕಾಶವಿದೆ, ಅದನ್ನು ಕೈಯಾರೆ ಮಾಡಬೇಕು.

ಇನ್ನೊಂದು ಮಿತಿ: ಸ್ಪಾಟಿಫೈನ ಒಂದು ಪ್ಲೇಲಿಸ್ಟಿನಲ್ಲಿ 10,000 ಹಾಡುಗಳು ಹಿಡಿಯುತ್ತವೆ, ಯೂಟ್ಯೂಬ್ ಮ್ಯೂಸಿಕ್‌ನಲ್ಲಿ 5,000. ಅಷ್ಟು ದೊಡ್ಡ ಪಟ್ಟಿ ನಿಮ್ಮದಾಗಿದ್ದರೆ ಮೊದಲೇ ಎರಡಾಗಿ ಒಡೆದುಕೊಳ್ಳಿ.

ಕ್ರಮಸಂಖ್ಯೆ ಹಾಕಿದ ನಕಲು

ಈಗ ಪಟ್ಟಿಯನ್ನು ಸ್ಪ್ರೆಡ್‌ಶೀಟಿಗೆ ಇಳಿಸಬೇಕು. ಸ್ಪಾಟಿಫೈಗೆ `Exportify` ಎಂಬ ಉಚಿತ ಜಾಲತಾಣವಿದೆ. ನಿಮ್ಮ ಖಾತೆಯಿಂದ ಅನುಮತಿ ಕೊಟ್ಟರೆ ಪ್ರತಿ ಪ್ಲೇಲಿಸ್ಟನ್ನೂ ಸಿಎಸ್‌ವಿ ಫೈಲಾಗಿ ಕೊಡುತ್ತದೆ. ಬೇರೆ ಸೇವೆಗಳಿಂದ ಹೊರಡುವವರಿಗೆ `Soundiiz`, `TuneMyMusic` ಮೊದಲಾದ ಸಾಗಿಸುವ ಆ್ಯಪ್‌ಗಳಲ್ಲೇ ಫೈಲಾಗಿ ಇಳಿಸಿಕೊಳ್ಳುವ ಆಯ್ಕೆ ಇದೆ.

ಫೈಲನ್ನು ಎರಡು ಬಾರಿ ಕ್ಲಿಕ್ ಮಾಡಿ ನೇರವಾಗಿ ತೆರೆದರೆ ಕನ್ನಡದಲ್ಲಿರುವ ಹೆಸರುಗಳು ಅರ್ಥವಿಲ್ಲದ ಗೀಟುಗಳಾಗಿ ಕಾಣಬಹುದು. ಎಕ್ಸೆಲ್‌ನಲ್ಲಾದರೆ `Data` ಪಟ್ಟಿಯ `From Text/CSV` ಮೂಲಕ ತೆರೆದು, ಅಕ್ಷರಸಂಕೇತ ಕೇಳಿದಲ್ಲಿ `65001: Unicode (UTF-8)` ಆಯ್ದುಕೊಳ್ಳಿ. ಗೀಟುಗಳಾದ ಫೈಲನ್ನು ಹಾಗೆಯೇ ಉಳಿಸಿಬಿಟ್ಟರೆ ಹೆಸರುಗಳು ಮತ್ತೆ ಸರಿಹೋಗುವುದಿಲ್ಲ, ಹೊಸದಾಗಿ ಇಳಿಸಿಕೊಳ್ಳಬೇಕಾಗುತ್ತದೆ.

ತೆರೆದ ತಕ್ಷಣ, ಬೇರೇನನ್ನೂ ಮುಟ್ಟದೆ, ಎಡತುದಿಯಲ್ಲಿ ಒಂದು ಕಾಲಂ ಸೇರಿಸಿ 1ರಿಂದ ಕೊನೆಯವರೆಗೆ ಕ್ರಮಸಂಖ್ಯೆ ತುಂಬಿ. `Added At` ಎಂಬ ಕಾಲಂನಲ್ಲಿ ದಿನಾಂಕ ಇದ್ದೇ ಇದೆಯಲ್ಲ, ಸಂಖ್ಯೆ ಏಕೆ ಎನಿಸಬಹುದು. ನನಗೂ ಎನಿಸಿತ್ತು. ಆದರೆ ಒಂದು ಆಲ್ಬಂ ಪೂರ್ತಿ ಮೆಚ್ಚಿ ಒಮ್ಮೆಗೇ ಸೇರಿಸಿದ್ದರೆ ಅದರ ಹನ್ನೆರಡು ಹಾಡಿಗೂ ಒಂದೇ ಕ್ಷಣದ ಮುದ್ರೆ ಬಿದ್ದಿರುತ್ತದೆ. ದಿನಾಂಕದ ಪ್ರಕಾರ ವಿಂಗಡಿಸಿದಾಗ ಆ ಹನ್ನೆರಡು ಯಾವ ಕ್ರಮದಲ್ಲಿ ನಿಲ್ಲಬೇಕೆಂದು ಸ್ಪ್ರೆಡ್‌ಶೀಟಿಗೆ ಗೊತ್ತಾಗುವುದಿಲ್ಲ. ಕ್ರಮಸಂಖ್ಯೆಗೆ ಆ ಗೊಂದಲವಿಲ್ಲ. ಎಷ್ಟು ಬಾರಿ ಹೇಗೆ ವಿಂಗಡಿಸಿದರೂ ಅದನ್ನು ಹಿಡಿದು ಮರಳಿ ಬರಬಹುದು.

ದಿನಾಂಕದ ಕಾಲಂ ಅಳಿಸಬೇಡಿ. ಯಾವ ಹಾಡು ಯಾವ ವರ್ಷ ನಿಮ್ಮ ಕಿವಿಗೆ ಬಿತ್ತು ಎಂಬುದಕ್ಕೆ ಇನ್ನು ಮುಂದೆ ಉಳಿಯುವ ದಾಖಲೆ ಈ ಫೈಲೊಂದೇ.

ಪ್ಲೇಲಿಸ್ಟ್ ಸಾಗಿಸುವುದು

ಮೇಲೆ ಹೇಳಿದ ಎರಡು ಆ್ಯಪ್‌ಗಳಲ್ಲದೆ `FreeYourMusic`, ಐಫೋನಿಗೆ ಮಾತ್ರ ಇರುವ `SongShift` ಕೂಡ ಇದೇ ಕೆಲಸ ಮಾಡುತ್ತವೆ. ಉಚಿತವಾಗಿ ಎಷ್ಟು ಹಾಡು ಸಾಗಿಸಬಹುದು ಎಂಬ ಮಿತಿ ಒಂದೊಂದರಲ್ಲಿ ಒಂದೊಂದು ತೆರ, ಆಗಾಗ ಬದಲಾಗುತ್ತದೆ ಕೂಡ. ಯಾವುದನ್ನು ಆಯ್ದುಕೊಂಡರೂ ನೋಡಬೇಕಾದದ್ದು ಎರಡೇ: ಎರಡೆರಡು ಬಾರಿ ಇರುವ ಹಾಡುಗಳನ್ನು ತೆಗೆದುಹಾಕುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ, ಸಿಗದ ಹಾಡುಗಳ ಪಟ್ಟಿಯನ್ನು ಕೊನೆಯಲ್ಲಿ ಕೊಡುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

ಆ್ಯಪ್ ಹಾಡನ್ನು ಹೊತ್ತೊಯ್ಯುವುದಿಲ್ಲ, ಹೊಸ ಸೇವೆಯಲ್ಲಿ ಅದೇ ಹಾಡನ್ನು ಹುಡುಕಿ ಸೇರಿಸುತ್ತದೆ. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ ಮತ್ತು ಅಂಕಿಗಳ ಅಂತರರಾಷ್ಟ್ರೀಯ ಸಂಕೇತ ಇರುತ್ತದೆ. ಎರಡೂ ಸೇವೆಗಳು ಅದನ್ನು ತೋರಿಸಿದರೆ ಹೊಂದಿಸುವುದು ಸಲೀಸು. ಯೂಟ್ಯೂಬ್ ಮ್ಯೂಸಿಕ್ ಕಡೆಗೆ ಹೋಗುವಾಗ ಮಾತ್ರ ಹೆಸರು, ಕಲಾವಿದರು, ಹಾಡಿನ ಉದ್ದ ಇವನ್ನು ನೋಡಿಯೇ ಊಹಿಸಬೇಕಾಗುತ್ತದೆ. ಹೀಗಾಗಿ ಒಂದು ಸೇವೆಯಲ್ಲಿ ಕನ್ನಡ ಲಿಪಿಯಲ್ಲೂ ಇನ್ನೊಂದರಲ್ಲಿ ರೋಮನ್ ಲಿಪಿಯಲ್ಲೂ ಹೆಸರಿದ್ದರೆ ಹಾಡು ಕಣ್ಣೆದುರೇ ಇದ್ದರೂ ಸಿಗಲಿಲ್ಲ ಎಂಬ ಉತ್ತರ ಬರುತ್ತದೆ. ಕೆಲವೊಮ್ಮೆ ಹಾಡಿನ ಬದಲು ಅದರ ವಿಡಿಯೊ, ವೇದಿಕೆಯ ಮೇಲೆ ಹಾಡಿದ್ದು, ಇಲ್ಲವೇ ಹಾಡುಗಾರರ ದನಿ ತೆಗೆದ ಕ್ಯಾರಿಯೋಕೆ ಬಂದು ಕೂರುತ್ತದೆ.

ಸಾಲು ಹಾಳಾಗುವುದು ಇಲ್ಲಿ. ಸರತಿಯಲ್ಲಿ ನಿಂತವರಲ್ಲಿ ಒಬ್ಬರು ಹೊರಗೆ ಹೋದರೆ ಹಿಂದಿನವರೆಲ್ಲ ಒಂದು ಹೆಜ್ಜೆ ಮುಂದೆ ಬರುವಂತೆ, ಸಿಗದ ಹಾಡಿನ ಜಾಗ ಖಾಲಿ ಉಳಿಯುವುದಿಲ್ಲ, ಕೆಳಗಿನ ಹಾಡುಗಳು ಮೇಲೆ ಸರಿದು ಅದನ್ನು ಮುಚ್ಚಿಬಿಡುತ್ತವೆ. ಆಮೇಲೆ ನೀವೇ ಆ ಹಾಡನ್ನು ಹುಡುಕಿ ಸೇರಿಸಿದಾಗ ಅದು ಪಟ್ಟಿಯ ಒಂದು ತುದಿಗೆ ಹೋಗಿ ಬೀಳುತ್ತದೆ.

ಎಲ್ಲಿ ತಪ್ಪಿದೆ ಎಂದು ಕಂಡುಹಿಡಿಯುವುದು

ನನ್ನ 48 ಹಾಡುಗಳ ಪಟ್ಟಿ ಆ ಕಡೆ ತಲುಪಿದಾಗ 45 ಆಗಿತ್ತು. ಆ್ಯಪ್ ಕೊಟ್ಟ ವರದಿಯಲ್ಲಿ ಸಿಗದ ಹಾಡುಗಳು ಎರಡೇ ಇದ್ದವು. ಮೂರನೆಯದು ಎಲ್ಲಿ ಹೋಯಿತು?

ಒಂದೊಂದೇ ಸಾಲು ಹೋಲಿಸುವ ಅಗತ್ಯವಿಲ್ಲ, ನಡುವಿನದನ್ನು ನೋಡಿದರೆ ಸಾಕು. ಹೊಸ ಪಟ್ಟಿಯ 24ನೆಯ ಹಾಡನ್ನು ನನ್ನ ಸ್ಪ್ರೆಡ್‌ಶೀಟಿನಲ್ಲಿ ಹುಡುಕಿದೆ. ಅದರ ಕ್ರಮಸಂಖ್ಯೆ 26. ಅಂದರೆ ಅದಕ್ಕಿಂತ ಮೇಲೆ ಎರಡು ಹಾಡು ಬಿಟ್ಟುಹೋಗಿವೆ, ಕೆಳಗೆ ಒಂದು. ಮೇಲಿನ ಅರ್ಧದ ನಡುವೆ, 12ನೆಯದು ನೋಡಿದೆ. ಅದು ಮೂಲದ 13. ಹಾಗಾದರೆ ಅದರ ಮೇಲೆ ಬಿಟ್ಟುಹೋದದ್ದು ಒಂದು. 6ನೆಯದು ನೋಡಿದರೆ ಮೂಲದಲ್ಲೂ 6. ಮೊದಲ ಹಾಡು ಬಿಟ್ಟುಹೋದದ್ದು 6ಕ್ಕೂ 13ಕ್ಕೂ ನಡುವೆ ಎಂದು ತಿಳಿಯಿತು, ಇನ್ನೆರಡು ಬಾರಿ ನೋಡುವಷ್ಟರಲ್ಲಿ 9 ಎಂದು ಗೊತ್ತಾಯಿತು. ಇದೇ ರೀತಿ 22 ಮತ್ತು 31 ಸಿಕ್ಕವು. ವರದಿಯಲ್ಲಿ ಹೆಸರಿಲ್ಲದೆ ಮಾಯವಾಗಿದ್ದದ್ದು 31. ಅದು ಬೇರೆ ಹಾಡಲ್ಲ, 2ನೆಯ ಸ್ಥಾನದಲ್ಲಿದ್ದ ಹಾಡೇ. ಮೊದಲಲ್ಲಿ ಒಮ್ಮೆ, ಇಳಿಯುವ ಹೊತ್ತಿಗೆ ಇನ್ನೊಮ್ಮೆ ಬರಲಿ ಎಂದು ಬೇಕೆಂದೇ ಎರಡು ಕಡೆ ಇಟ್ಟಿದ್ದೆ. ಹೊಸ ಪಟ್ಟಿಯಲ್ಲಿ ಅದು ಆಗಲೇ ಇದೆ ಎಂದು ಎರಡನೆಯದನ್ನು ಸದ್ದಿಲ್ಲದೆ ಕೈಬಿಡಲಾಗಿತ್ತು.

612 ಹಾಡಿನ ಪಟ್ಟಿಗೆ ಇದು ಸಾಲದು, ಏಕೆಂದರೆ ಅಲ್ಲಿ ಬಿಟ್ಟುಹೋದವುಗಳ ಜೊತೆಗೆ ತಪ್ಪು ಹಾಡು ಬಂದು ಕೂತ ಜಾಗಗಳೂ ಇರುತ್ತವೆ. ಅವು ಯಾವ ವರದಿಯಲ್ಲೂ ಕಾಣುವುದಿಲ್ಲ, ಆ್ಯಪ್‌ನ ಲೆಕ್ಕದಲ್ಲಿ ಅವು ಸಿಕ್ಕ ಹಾಡುಗಳೇ. ಹೆಸರು ಹೋಲಿಸಿ ನೋಡೋಣವೆಂದರೆ ಕಾಗುಣಿತ, ಲಿಪಿ, ಆವರಣದೊಳಗಿನ ಬಾಲಂಗೋಚಿ ಎಲ್ಲ ಬೇರೆ ಬೇರೆ. ಬದಲಾಗದಿರುವುದು ಹಾಡಿನ ಉದ್ದ.

ಹೊಸ ಪಟ್ಟಿಯ ಉದ್ದಗಳನ್ನು ಪಡೆಯಲು ನಾನು ಪೈಥಾನ್‌ನ `ytmusicapi` ಎಂಬ ಲೈಬ್ರರಿ ಬಳಸಿದೆ. ಅದು ಯೂಟ್ಯೂಬ್‌ನವರು ಕೊಟ್ಟದ್ದಲ್ಲ, ಹವ್ಯಾಸಿಗಳು ಕಟ್ಟಿದ್ದು. ಸೇವೆಯ ಒಳಗೆ ಏನಾದರೂ ಬದಲಾದರೆ ಕೆಲ ದಿನ ಕೆಟ್ಟು ನಿಲ್ಲಬಹುದು. ಕಂಪ್ಯೂಟರಿನಲ್ಲಿ `pip install ytmusicapi` ಎಂದು ಸ್ಥಾಪಿಸಿ, `ytmusicapi browser` ಎಂದು ಕೊಟ್ಟರೆ ನಿಮ್ಮ ಬ್ರೌಸರಿನ ಲಾಗಿನ್ ವಿವರ ಕೇಳಿ `browser.json` ಎಂಬ ಫೈಲು ಮಾಡಿಡುತ್ತದೆ. ಆ ಫೈಲು ನಿಮ್ಮ ಖಾತೆಯ ಕೀಲಿಕೈ ಇದ್ದ ಹಾಗೆ, ಯಾರಿಗೂ ಕಳಿಸಬೇಡಿ. ಪ್ಲೇಲಿಸ್ಟಿನ ವಿಳಾಸದಲ್ಲಿ `list=` ಆದಮೇಲೆ ಬರುವ ಭಾಗವನ್ನು `PLAYLIST_ID` ಇರುವಲ್ಲಿ ಹಾಕಿ:

```python
from ytmusicapi import YTMusic

yt = YTMusic("browser.json")
pl = yt.get_playlist("PLAYLIST_ID", limit=None)
for n, t in enumerate(pl["tracks"], 1):
    print(n, t["title"], t.get("duration_seconds"), sep="\t")
```

ಬಂದದ್ದನ್ನು ಸ್ಪ್ರೆಡ್‌ಶೀಟಿನಲ್ಲಿ ಹಳೆಯ ಪಟ್ಟಿಯ ಪಕ್ಕಕ್ಕೆ ಅಂಟಿಸಿ. ಹಳೆಯ ಉದ್ದ ಮಿಲಿಸೆಕೆಂಡಿನಲ್ಲಿ ಇರುತ್ತದೆ, ಮೊದಲು ಅದನ್ನು 1000ದಿಂದ ಭಾಗಿಸಿ ಸೆಕೆಂಡು ಮಾಡಿಕೊಳ್ಳಿ. ಹಳೆಯ ಸೆಕೆಂಡು `C` ಕಾಲಂನಲ್ಲಿ, ಹೊಸದು `E` ಕಾಲಂನಲ್ಲಿ ಇದ್ದರೆ ಪಕ್ಕದಲ್ಲಿ ಈ ಸೂತ್ರ:

```
=ABS(C2-E2)>3
```

ಮೂರು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದ ಸಾಲಿನಲ್ಲಿ `TRUE` ಕಾಣುತ್ತದೆ. ಇನ್ನು ಆ ಕಾಲಂ ಮೇಲಿನಿಂದ ಕೆಳಕ್ಕೆ ಕಣ್ಣಾಡಿಸಿ. ಸುತ್ತ ಎಲ್ಲ `FALSE` ಇದ್ದು ನಡುವೆ ಒಂದೇ ಒಂದು `TRUE` ಇದ್ದರೆ ಆ ಸ್ಥಾನದಲ್ಲಿ ಬೇರೆ ಆವೃತ್ತಿ ಬಂದು ಕೂತಿದೆ; ಸಾಲು ಸರಿಯಾಗಿಯೇ ಇದೆ. ಒಂದು ಸಾಲಿನಿಂದ ಮುಂದಕ್ಕೆ ಹೆಚ್ಚಿನವೆಲ್ಲ `TRUE` ಆಗಿದ್ದರೆ ಆ ಸಾಲಿನ ಹಾಡು ಬಿಟ್ಟುಹೋಗಿ ಕೆಳಗಿನವು ಸರಿದಿವೆ. ಅಕ್ಕಪಕ್ಕದ ಎರಡು ಹಾಡು ಒಂದೇ ಉದ್ದದವಾಗಿದ್ದು ನಡುವೆ ಒಂದೊಂದು `FALSE` ಇಣುಕಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಿಟ್ಟುಹೋದ ಜಾಗ ಸಿಕ್ಕಾಗ ಹೊಸ ಪಟ್ಟಿಯ ಕಾಲಂಗಳಲ್ಲಿ ಅಲ್ಲೊಂದು ಖಾಲಿ ಕೋಶ ತೂರಿಸಿ ಕೆಳಗಿನವನ್ನು ಒಂದು ಸಾಲು ಇಳಿಸಿದರೆ, ಮುಂದಿನ ಬಿಟ್ಟುಹೋದ ಜಾಗದವರೆಗೂ ಎಲ್ಲ ಒಮ್ಮೆಗೇ `FALSE` ಆಗಿಬಿಡುತ್ತವೆ. ಆ ಕ್ಷಣ ಒಂದು ಬಗೆಯ ಸುಖ ಎಂದೇ ಹೇಳಬೇಕು.

ಸ್ಕ್ರಿಪ್ಟ್ ಗೊಡವೆ ಬೇಡ ಎನ್ನುವವರು ನಡುವಿನದನ್ನು ನೋಡುವ ಉಪಾಯವನ್ನೇ ನೂರು ನೂರು ಹಾಡಿನ ತುಂಡುಗಳಿಗೆ ಬಳಸಬಹುದು. ಬಿಟ್ಟುಹೋದವು ಸಿಗುತ್ತವೆ, ತಪ್ಪು ಆವೃತ್ತಿಗಳು ಕೇಳುವಾಗ ಕಿವಿಗೆ ಬಿದ್ದರೇ ಉಂಟು.

ಬಿಟ್ಟುಹೋದವನ್ನು ಮೇಲಿನಿಂದ ಕೆಳಕ್ಕೆ ತುಂಬಿ

ಬಿಟ್ಟುಹೋದ ಹಾಡುಗಳನ್ನು ಒಂದೊಂದಾಗಿ ಹುಡುಕಿ, ಪ್ಲೇಲಿಸ್ಟಿಗೆ ಸೇರಿಸಿ, ಎಳೆದು ಅದರ ಜಾಗಕ್ಕೆ ತನ್ನಿ. ಕಂಪ್ಯೂಟರಿನ ಬ್ರೌಸರಿನಲ್ಲಿ ಇದು ಮೊಬೈಲಿಗಿಂತ ಸುಲಭ. ಸಣ್ಣ ಕ್ರಮಸಂಖ್ಯೆಯಿಂದ ಶುರುಮಾಡುವುದು ಮುಖ್ಯ. 9ನೆಯದನ್ನು ಮೊದಲು ಒಂಬತ್ತನೆಯ ಜಾಗಕ್ಕೆ ತಂದರೆ ಅದರ ಕೆಳಗಿನವು ತಮ್ಮ ಹಳೆಯ ಸಂಖ್ಯೆಗೆ ಮರಳುತ್ತವೆ, ಆಗ 22ನೆಯದನ್ನು ಸರಿಯಾಗಿ ಇಪ್ಪತ್ತೆರಡಕ್ಕೆ ಎಳೆದರಾಯಿತು. ಕೆಳಗಿನಿಂದ ಶುರುಮಾಡಿದರೆ ಮೇಲೆ ಎಷ್ಟು ಹಾಡು ಇನ್ನೂ ಬರಬೇಕಿದೆ ಎಂದು ಪ್ರತಿ ಸಲವೂ ಕಳೆಯಬೇಕು.

ನನ್ನ 9ನೆಯ ಹಾಡು ಇನ್ನೊಂದು ಲಿಪಿಯಲ್ಲಿ ಹುಡುಕಿದೊಡನೆ ಸಿಕ್ಕಿತು. 22 ಹೊಸ ಸೇವೆಯಲ್ಲಿ ಇರಲೇ ಇಲ್ಲ. ಹೀಗೆ ಒಂದು ಹಾಡು ಖಂಡಿತ ಇಲ್ಲ ಎಂದಾದರೆ ಸ್ಪ್ರೆಡ್‌ಶೀಟಿನಲ್ಲಿ ಅದಕ್ಕೆ ಗುರುತು ಹಾಕಿ, ಅದರ ಕೆಳಗಿನವಕ್ಕೆಲ್ಲ ಒಂದು ಸಂಖ್ಯೆ ಕಡಿಮೆ ಮಾಡಿಕೊಳ್ಳಿ. 31ನೆಯದು ಆದ್ದರಿಂದ ಮೂವತ್ತನೆಯ ಜಾಗಕ್ಕೆ ಹೋಯಿತು. ಅದನ್ನು ಎರಡನೆಯ ಬಾರಿ ಸೇರಿಸುವಾಗ ಈ ಹಾಡು ಆಗಲೇ ಇದೆಯಲ್ಲ ಎಂದು ಆ್ಯಪ್ ಕೇಳಿತು. ಇರಲಿ, ಸೇರಿಸು ಎಂದೆ. ಕೊನೆಗೆ 47 ಹಾಡು, ಎಲ್ಲವೂ ತಮ್ಮ ತಮ್ಮ ಕ್ರಮದಲ್ಲಿ.

ಇಷ್ಟೆಲ್ಲ ಮಾಡಿಯೂ ಸಾಲು ತಪ್ಪಿದಂತೆ ಕಂಡರೆ, ಗಾಬರಿಯಾಗುವ ಮುನ್ನ ಷಫಲ್ ಆನ್ ಆಗಿದೆಯೇ ಎಂದು ನೋಡಿ. ನಗಬೇಡಿ, ನಾನು ಅದರ ಹಿಂದೆ ಅರ್ಧ ಗಂಟೆ ಕಳೆದಿದ್ದೇನೆ. ಹೊಸ ಸೇವೆಯಲ್ಲೂ ವಿಂಗಡಿಸುವ ಆಯ್ಕೆ ಇರುತ್ತದೆ. ಉದಾಹರಣೆಗೆ ಆ್ಯಪಲ್ ಮ್ಯೂಸಿಕ್‌ನಲ್ಲಿ ಅದು `Playlist Order` ಎಂದಿರಬೇಕು.

ಲೈಕ್‌ಗಳನ್ನು ತಳದಿಂದ ಒತ್ತುವುದು

'ಹಳೆಯ ಲೈಕ್‌ಗಳು' ಪ್ಲೇಲಿಸ್ಟ್ ಹೊಸ ಸೇವೆಯಲ್ಲಿ ಸರಿಯಾದ ಕ್ರಮದಲ್ಲಿ ನಿಂತಮೇಲೆ ಒಂದು ತೀರ್ಮಾನ ನಿಮ್ಮದು. ಕೇಳಲು ಬೇಕಾದದ್ದು ಆ ಸಾಲು ಮಾತ್ರ ಎಂದಾದರೆ ಇಲ್ಲಿಗೇ ನಿಲ್ಲಿಸಿ; ಹೊಸ ಲೈಕ್‌ಗಳು ಖಾಲಿ ಪಟ್ಟಿಯಿಂದ ಶುರುವಾಗಲಿ. ಹೆಚ್ಚಿನವರಿಗೆ ನಾನು ಇದನ್ನೇ ಹೇಳುತ್ತೇನೆ. ಹಾಡಿನ ಪಕ್ಕದ ಲೈಕ್ ಗುರುತೂ ಬೇಕು, ಹೊಸ ಸೇವೆ ನಿಮ್ಮ ರುಚಿ ತಿಳಿದು ಹಾಡು ಸೂಚಿಸಬೇಕು ಎಂದಾದರೆ ಮಾತ್ರ ಮುಂದಿನದು. ಯೂಟ್ಯೂಬ್ ಮ್ಯೂಸಿಕ್‌ನ ಲೈಕ್‌ಗಳು ಅದೇ ಖಾತೆಯ ಯೂಟ್ಯೂಬ್‌ಗೂ ಹೋಗುತ್ತವೆ ಎಂಬುದು ನೆನಪಿರಲಿ. ಅಲ್ಲಿ ನೀವು ಮೆಚ್ಚಿಟ್ಟ ಅಡುಗೆಯ ವಿಡಿಯೊಗಳು ಆರುನೂರು ಹಾಡುಗಳ ಕೆಳಗೆ ಹೂತುಹೋಗುತ್ತವೆ.

ಲೈಕ್ ಪಟ್ಟಿಯಲ್ಲಿ ಮೇಲೆ ಇರಬೇಕಾದದ್ದನ್ನು ಕೊನೆಗೆ ಒತ್ತಬೇಕು. ಹಾಗಾಗಿ 612ರಿಂದ ಶುರುಮಾಡಿ 1ಕ್ಕೆ ಬರಬೇಕು. ಆ್ಯಪ್ ಮೂಲಕ ಮಾಡುವವರು ಸ್ಪ್ರೆಡ್‌ಶೀಟನ್ನು ಕ್ರಮಸಂಖ್ಯೆಯ ಇಳಿಕೆಯಲ್ಲಿ ವಿಂಗಡಿಸಿ, ಆ ಫೈಲನ್ನೇ ಆ್ಯಪ್‌ಗೆ ಕೊಟ್ಟು ಲೈಕ್ ಮಾಡಲು ಹೇಳಬಹುದು. ಆದರೆ ಇದರಲ್ಲೊಂದು ತೊಡಕಿದೆ. ಕೆಲವು ಸೇವೆಗಳು ಲೈಕ್‌ಗಳನ್ನು ಕಟ್ಟುಕಟ್ಟಾಗಿ ಸ್ವೀಕರಿಸುತ್ತವೆ. ಸ್ಪಾಟಿಫೈ ಒಂದು ಬಾರಿಗೆ 50 ಹಾಡು ತೆಗೆದುಕೊಳ್ಳುತ್ತದೆ. ಆ ಕಟ್ಟಿನ ಹಾಡುಗಳಿಗೆಲ್ಲ ಒಂದೇ ಕ್ಷಣದ ಮುದ್ರೆ ಬಿದ್ದರೆ ಒಳಗಿನ ಕ್ರಮಕ್ಕೆ ಖಾತರಿಯಿಲ್ಲ. ಬಂದ ಪಟ್ಟಿ ನೋಡಿಯೇ ರೋಗ ಹೇಳಬಹುದು: ಪೂರ್ತಿ ತಲೆಕೆಳಗಾಗಿದ್ದರೆ ತಪ್ಪು ತುದಿಯಿಂದ ಒತ್ತಲಾಗಿದೆ, ಒಟ್ಟಾರೆ ಸರಿಯಿದ್ದು ಐವತ್ತೈವತ್ತರ ಗುಂಪಿನೊಳಗೆ ಮಾತ್ರ ಹಾಡುಗಳು ಅದಲುಬದಲಾಗಿದ್ದರೆ ಕಟ್ಟು ಕಾರಣ. ಮೊದಲನೆಯದಕ್ಕೆ ಫೈಲು ತಿರುಗಿಸಿದರೆ ಸಾಕು. ಎರಡನೆಯದಕ್ಕೆ ಒಂದೊಂದೇ ಹಾಡನ್ನು ಬಿಡುವು ಕೊಟ್ಟು ಒತ್ತುವುದಲ್ಲದೆ ಬೇರೆ ದಾರಿ ನನಗೆ ಕಾಣಲಿಲ್ಲ.

ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಆ ಕೆಲಸ ಹಿಂದಿನ ಸ್ಕ್ರಿಪ್ಟಿನ ಮುಂದುವರಿಕೆಯೇ:

```python
import time

songs = list(reversed(pl["tracks"]))
for t in songs[:60]:
    if t["videoId"]:
        yt.rate_song(t["videoId"], "LIKE")
        time.sleep(2)
```

`reversed` ಎಂಬುದು ತಳದಿಂದ ಶುರುಮಾಡಿಸುತ್ತದೆ, `sleep(2)` ಪ್ರತಿ ಹಾಡಿನ ನಂತರ ಎರಡು ಸೆಕೆಂಡು ಕಾಯಿಸುತ್ತದೆ. `[:60]` ಇರುವುದು ಪರೀಕ್ಷೆಗೆ. ಪರೀಕ್ಷೆ ಎಂದರೆ ಎಲ್ಲರೂ ಪಟ್ಟಿಯ ಮೇಲಿನ ನಾಲ್ಕು ಹಾಡು ತೆಗೆದುಕೊಳ್ಳುತ್ತಾರೆ. ಆ ನಾಲ್ಕು ಕೊನೆಗೆ ಒತ್ತಬೇಕಾದವು, ಈಗಲೇ ಒತ್ತಿದರೆ ತಳಕ್ಕೆ ಸೇರಿ ಮತ್ತೆ ತೆಗೆಯಬೇಕಾಗುತ್ತದೆ. ತಳದ ಅರವತ್ತು, ಅಂದರೆ 612ರಿಂದ 553ರವರೆಗಿನವು, ಹೇಗಿದ್ದರೂ ಮೊದಲು ಹೋಗಬೇಕಾದವೇ. ಸರಿ ಬಂದರೆ ಅಲ್ಲಿಂದಲೇ ಮುಂದುವರಿಯಬಹುದು, ಪರೀಕ್ಷೆಯೇ ಕೆಲಸದ ಮೊದಲ ಕಂತಾಯಿತು. ಅರವತ್ತೇ ಏಕೆಂದರೆ ಕಟ್ಟಿನ ತೊಡಕು ಇದ್ದರೆ ಐವತ್ತು ದಾಟಿದ ಮೇಲೆ ಅದರ ಅಂಚು ಕಾಣಿಸುತ್ತದೆ. ಬೇರೆ ಆ್ಯಪ್ ಬಳಸುವವರಿಗೂ ಈ ಅಳತೆ ಅನ್ವಯಿಸುತ್ತದೆ.

ಅರವತ್ತು ಆದಮೇಲೆ ಲೈಕ್ ಪಟ್ಟಿ ತೆರೆದು ನೋಡಿ. ತುದಿಯಲ್ಲಿ 553, ತಳದಲ್ಲಿ 612 ಇರಬೇಕು. ಇದ್ದರೆ `[:60]` ಅನ್ನು `[60:]` ಎಂದು ಬದಲಿಸಿ ಉಳಿದದ್ದನ್ನು ಓಡಿಸಿ. ನಡುವೆ ನಿಂತರೆ ಎಲ್ಲಿಯವರೆಗೆ ಆಗಿದೆ ಎಂದು ನೋಡಿ ಆ ಸಂಖ್ಯೆಯಿಂದ ಮತ್ತೆ ಹಚ್ಚಿ. ಮೊದಲಿನಿಂದ ಓಡಿಸಬೇಡಿ. ಪಟ್ಟಿಯಲ್ಲಿ ಉಳಿದಿದ್ದ ಐನೂರೈವತ್ತು ಚಿಲ್ಲರೆ ಹಾಡುಗಳಿಗೆ ನನಗೆ ಅರ್ಧ ಗಂಟೆಯ ಆಸುಪಾಸು ಹಿಡಿಯಿತು. ಅಷ್ಟು ಹೊತ್ತು ಯೂಟ್ಯೂಬ್‌ನಲ್ಲಿ ಬೇರೆ ಯಾವುದಕ್ಕೂ ಲೈಕ್ ಒತ್ತದಿರಿ, ಒತ್ತಿದ ಹಾಡು ನಡುವೆ ಎಲ್ಲೋ ಹೋಗಿ ಸೇರಿಕೊಳ್ಳುತ್ತದೆ.

ಕೊನೆಗೆ ಎರಡು ಕೆಲಸ

ಸಾಗಿಸುವ ಆ್ಯಪ್‌ಗಳಿಗೆ ಕೊಟ್ಟ ಅನುಮತಿಯನ್ನು ಹಿಂತೆಗೆಯಿರಿ. ಸ್ಪಾಟಿಫೈನಲ್ಲಿ ಖಾತೆಯ ಪುಟದಲ್ಲಿ ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿ ಇದೆ, ಗೂಗಲ್ ಖಾತೆಯಲ್ಲಿ ಭದ್ರತೆಯ ವಿಭಾಗದಲ್ಲಿದೆ. `browser.json` ಫೈಲನ್ನೂ ಅಳಿಸಿ.

ಹಳೆಯ ಖಾತೆಯನ್ನು ತಕ್ಷಣ ಅಳಿಸಬೇಡಿ. ಸ್ಪಾಟಿಫೈನಲ್ಲಿ ಹಣ ಕಟ್ಟುವುದು ನಿಲ್ಲಿಸಿದರೂ ಉಚಿತ ಖಾತೆಯಲ್ಲಿ ಪ್ಲೇಲಿಸ್ಟುಗಳು ಹಾಗೆಯೇ ಇರುತ್ತವೆ. ಎಲ್ಲ ಸೇವೆಗಳೂ ಹೀಗಲ್ಲ, ಚಂದಾ ಮುಗಿದ ಮೇಲೆ ಸಂಗ್ರಹವನ್ನೇ ತೆಗೆದುಹಾಕುವುದೂ ಉಂಟು. ಅಂಥ ಕಡೆಯಿಂದ ಹೊರಡುವವರು ಹೊಸ ಪಟ್ಟಿಗಳನ್ನು ಪೂರ್ತಿ ಒಮ್ಮೆ ಕೇಳಿ ಮುಗಿಸುವಷ್ಟು ದಿನ ಎರಡೂ ಕಡೆ ಇರುವುದು ಒಳ್ಳೆಯದು. ನನ್ನ ಪಟ್ಟಿಯ 340ರ ಆಸುಪಾಸಿನಲ್ಲಿ ಒಂದು ಹಾಡಿನ ಬದಲು ಅದರ ಕ್ಯಾರಿಯೋಕೆ ಬಂದು ಕೂತಿರುವುದು ತಿಳಿದದ್ದು ಮೂರನೆಯ ವಾರ. ಎರಡರ ಉದ್ದದಲ್ಲಿ ಒಂದೇ ಸೆಕೆಂಡಿನ ವ್ಯತ್ಯಾಸವಿತ್ತು, ಸೂತ್ರಕ್ಕೆ ಸಿಕ್ಕಿರಲಿಲ್ಲ.